ತಕ್ಕಡಿಯ ಮೇಲೆ ಉಳಿದ ಪುಣ್ಯ

ಚನ್ನರಾಯಪಟ್ಟಣದ ಹಳೇ ಬಸ್‌ಸ್ಟ್ಯಾಂಡಿನ ಹಿಂದೆ ತಕ್ಕಡಿ ರಿಪೇರಿ ಅಂಗಡಿ ಇಟ್ಟಿರುವ ಅನಂತಮತಿಯವರಿಗೆ ಯಾವುದನ್ನೂ ಮೊದಲ ಸಲಕ್ಕೆ ನಂಬುವ ಅಭ್ಯಾಸವಿಲ್ಲ. ಅವರ ತಂದೆ ನಾಗಕುಮಾರಯ್ಯನವರದು ಹಿತ್ತಾಳೆ ತಕ್ಕಡಿಯ ಕಾಲ. ಮುಳ್ಳು ನೆಟ್ಟಗಿದ್ದರೆ ತೂಕ ಸರಿ, ವಾಲಿದರೆ ತಪ್ಪು, ಅಲ್ಲಿಗೆ ಮುಗಿಯಿತು. ಮಗಳು ಹಾಸನದಲ್ಲಿ ಡಿಪ್ಲೊಮಾ ಮುಗಿಸಿ ಅಂಗಡಿಯಲ್ಲಿ ಕೂರುವ ಹೊತ್ತಿಗೆ ಮುಳ್ಳು ಹೋಗಿ ಕೆಂಪು ಅಂಕಿ ಬಂದಿತ್ತು. ಮುಳ್ಳು ನಡುಗಿದ್ದಾದರೂ ಕಣ್ಣಿಗೆ ಕಾಣುತ್ತಿತ್ತು. ಅಂಕಿ ಮಾತ್ರ ಸುಳ್ಳು ಹೇಳುವಾಗಲೂ ಅಷ್ಟೇ ಕೆಂಪಗೆ, ಅಷ್ಟೇ ಗಟ್ಟಿಯಾಗಿ ನಿಂತಿರುತ್ತದೆ. ಅನಂತಮತಿಯವರ ಅನುಮಾನ ಶುರುವಾದದ್ದು ಅಲ್ಲಿಂದ.

ಅವರನ್ನು ನೋಡಲು ಧರ್ಮೇಂದ್ರ ಎಂಬ ವರ ಬಂದಾಗ, ಉಪ್ಪಿಟ್ಟು ಕೊಟ್ಟು ಅರ್ಧ ಗಂಟೆ ಸುಮ್ಮನೆ ಕೂರಿಸಿ, ಬಂದಾಗಿನ ಮುಖವೂ ಎದ್ದು ಹೋಗುವಾಗಿನ ಮುಖವೂ ಒಂದೇ ಇದೆಯೇ ಎಂದು ನೋಡಿ ಆಮೇಲೆ ಒಪ್ಪಿದರಂತೆ. ಧರ್ಮೇಂದ್ರ ಈಗ ಪಕ್ಕದ ರಸ್ತೆಯಲ್ಲೇ ಸ್ಟೀಲ್ ಪಾತ್ರೆ ಮಾರುತ್ತಾರೆ. "ಪಾಸಾದೆ ಅಂತ ಇವತ್ತಿಗೂ ಬಾಯಿ ಬಿಟ್ಟು ಹೇಳಿಲ್ಲ ಕಣ್ರೀ" ಎನ್ನುತ್ತಾರೆ.

ಹೋದ ವರ್ಷ ಇವರಿಗೆ ಒಂದು ಫೋನು ಬಂತು. ಹೊಳೆನರಸೀಪುರದಿಂದ ಅರಕಲಗೂಡಿನ ಕಡೆ ಹೋಗುವಾಗ ಒಳಗೆ ಸಿಗುವ ಬಿದರಕೊಪ್ಪಲು ಎಂಬ ಊರಿನ ದೇವಸ್ಥಾನ ಸಮಿತಿ ಅಧ್ಯಕ್ಷ ಚಲುವಯ್ಯನವರದು.

"ಮೇಡಂ, ನಮ್ಮ ತುಲಾಭಾರದ ತಕ್ಕಡಿ ಕೆಟ್ಟದೆ. ಅರ್ಜೆಂಟಾಗಿ ಬನ್ನಿ. ನಾನು ಕರ್ದೆ ಅಂತ ಮಾತ್ರ ಯಾರ್ಗೂ ಯೋಳ್ಬ್ಯಾಡಿ."

"ಯಾಕೆ ಸಾರ್?"

"ಕೆಟ್ಟಿಲ್ಲ ಅಂತ ಊರೋರೆಲ್ಲಾ ಅಂತಾವ್ರೆ."

ಮಾರನೆಯ ದಿನ ಬೆಳಗ್ಗೆ ಅನಂತಮತಿ ಕೆಂಚಯ್ಯನ ಗೂಡ್ಸ್ ಆಟೊ ಕರೆಸಿದರು. ಕೆಂಚಯ್ಯ ಐವತ್ತು ದಾಟಿದವನು. ಇಪ್ಪತ್ತು ಕೆಜಿಯ ಹತ್ತು ಕಬ್ಬಿಣದ ಪರೀಕ್ಷಾ ಬಟ್ಟುಗಳನ್ನು ಹತ್ತಿಸುವುದು, ಇಳಿಸುವುದು, ನಡುನಡುವೆ ಸೊಂಟ ಹಿಡಿದುಕೊಂಡು ನಿಲ್ಲುವುದು ಅವನ ಕೆಲಸ. ಆ ಬಟ್ಟುಗಳಿಗೆ ಹಾಸನದ ಮಾಪನ ಇಲಾಖೆಯ ಮುದ್ರೆ ಇದೆ. ಲೋಕದಲ್ಲಿ ಅನಂತಮತಿ ಕಣ್ಣು ಮುಚ್ಚಿ ನಂಬುವ ವಸ್ತುಗಳೆಂದರೆ ಅವೇ ಹತ್ತು. ಅವನ್ನೂ ವರ್ಷವರ್ಷ ಇಲಾಖೆಗೆ ಒಯ್ದು ಪರೀಕ್ಷೆ ಮಾಡಿಸಿದ ಮೇಲೆಯೇ ನಂಬುತ್ತಾರೆ.

ಬಿದರಕೊಪ್ಪಲಿನಲ್ಲಿ ನಡೆದಿದ್ದು ಇಷ್ಟು. ತುಲಾಭಾರದ ಹಳೆಯ ಮರದ ತೊಲೆ ಮುರಿದು, ಸಮಿತಿಯವರು ಇನ್ನೂರು ಕೆಜಿ ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ತರಿಸಿದ್ದರು. ಹರಕೆ ಹೊತ್ತವರು ಅದರ ಮೇಲೆ ಚಕ್ಕಂಬಕ್ಕಳ ಹಾಕಿ ಕೂರಬೇಕು. ಪೂಜಾರಪ್ಪ ಮಂತ್ರ ಹೇಳಿ ಅಂಕಿ ಗುರುತು ಹಾಕಿಕೊಳ್ಳುತ್ತಾರೆ. ಅವರು ಇಳಿದ ಮೇಲೆ ಅದೇ ಅಂಕಿ ಬರುವವರೆಗೂ ಅಚ್ಚುಬೆಲ್ಲ ಪೇರಿಸುವುದು. ಮೊದಲ ಒಂದು ವರ್ಷ ಎಲ್ಲ ಸರಿಯಾಗಿತ್ತು. ಆಮೇಲೆ ಕೂತವರು ಕೂತಂತೆಯೇ ತೂಕ ಏರತೊಡಗಿತು. ಮಂತ್ರ ಉದ್ದವಾದಷ್ಟೂ ಭಾರ ಜಾಸ್ತಿ. ಅದಕ್ಕಿಂತ ದೊಡ್ಡ ಸೋಜಿಗವೆಂದರೆ, ಎದ್ದು ಹೋದ ಮೇಲೂ ಖಾಲಿ ತಕ್ಕಡಿ ನೂರು ಗ್ರಾಂ, ಇನ್ನೂರು ಗ್ರಾಂ ತೋರಿಸುತ್ತಿತ್ತು.

ಅದು ಪುಣ್ಯ ಎಂದು ಮೊದಲು ಹೇಳಿದ್ದು ಯಾರೋ ಗೊತ್ತಿಲ್ಲ. ಮನುಷ್ಯ ಎದ್ದು ಹೋದ, ದೇಹದ ತೂಕ ಅವನ ಜೊತೆ ಹೋಯಿತು, ಹಂಗಾದರೆ ಉಳಿದದ್ದೇನು? ಈ ಪ್ರಶ್ನೆಗೆ ಊರಿನಲ್ಲಿ ಬೇರೆ ಉತ್ತರ ಯಾರ ಹತ್ತಿರವೂ ಇರಲಿಲ್ಲ. ತಿಂಗಳೊಳಗೆ ಹರಕೆ ಇಲ್ಲದವರೂ ಬಂದು ಕೂರತೊಡಗಿದರು. ನೂರು ಕೆಜಿಗೂ ಮೇಲಿದ್ದ ಅಕ್ಕಿಗಿರಣಿ ದೇವಯ್ಯ ಒಂದು ದಿನ ಪೂರ್ತಿ ಸಹಸ್ರನಾಮ ಮುಗಿಯುವವರೆಗೂ ಕೂತು ಎದ್ದಾಗ ಇನ್ನೂರ ನಲವತ್ತು ಗ್ರಾಂ ಉಳಿಯಿತು. ಅಂದಿನಿಂದ ಅವರು ಊರಿನ ಮೊದಲ ಪುಣ್ಯವಂತರು. ಮದುವೆ ಮನೆಯಲ್ಲಿ ಮೊದಲ ಎಲೆ ಅವರಿಗೇ.

ಅದೇ ದಿನ ದೇವಯ್ಯನ ಹಿಂದೆ ನಿಂತಿದ್ದವರು ಸೊಸೈಟಿಯ ನಟರಾಜು. ಪೂಜಾರಪ್ಪ ಸೊನ್ನೆಯ ಗುಂಡಿ ಒತ್ತಿ ಇನ್ನೂರ ನಲವತ್ತನ್ನು ಅಳಿಸಿ "ಬಾ ನಟರಾಜು" ಎಂದರು. ನಟರಾಜು ಚಪ್ಪಲಿ ಬಿಟ್ಟು, ಪಂಚೆ ಸರಿಮಾಡಿಕೊಂಡು, ತಕ್ಕಡಿಯ ಹತ್ತಿರ ಬರುವಷ್ಟರಲ್ಲಿ ಅಂಕಿ ತಾನಾಗಿಯೇ ಮೈನಸ್ ನಲವತ್ತಕ್ಕೆ ಇಳಿಯಿತು. ಕಾಲು ಇನ್ನೂ ಇಟ್ಟಿರಲಿಲ್ಲ. ಊರೆಲ್ಲ ನೋಡಿತು. ಅವರ ಹೆಂಡತಿ ಶಾಂತಿ ಮನೆಗೆ ಹೋಗಿ ಕೇಳಿದ್ದು ಒಂದೇ ಮಾತು: "ಏನ್ಮಾಡಿದ್ರಿ, ನಿಜ ಯೋಳಿ."

ಚಲುವಯ್ಯನವರ ಕಥೆ ಇನ್ನೊಂದು. ಅಳಿಯನ ಕಡೆಯವರನ್ನೆಲ್ಲ ಕರೆಸಿ, ಮನೆಯಲ್ಲೇ ತೂಗಿಕೊಂಡು, ತಮ್ಮ ತೂಕಕ್ಕೆ ಸರಿಯಾಗಿ ಬೆಲ್ಲ ತಂದಿದ್ದರು. ತಕ್ಕಡಿ ಹತ್ತಿದರೆ ಬೆಲ್ಲ ಸಾಲಲಿಲ್ಲ. ಬೀಗರ ಎದುರಿಗೆ ಅಂಗಡಿಗೆ ಓಡಿಸಿ ಬೆಲ್ಲ ತರಿಸಬೇಕಾಯಿತು. ಅಷ್ಟಾದ ಮೇಲೆ ಅವರಿಗೆ ಉಳಿದ ಪುಣ್ಯ ಎಂಬತ್ತು ಗ್ರಾಂ. ಅಧ್ಯಕ್ಷರಿಗೆ ಎಂಬತ್ತು, ಗಿರಣಿಯವನಿಗೆ ಇನ್ನೂರ ನಲವತ್ತು! ಫೋನು ಮಾಡಿದ್ದು ಅದಕ್ಕೆ.

ಅನಂತಮತಿ ದೇವಸ್ಥಾನದಲ್ಲಿ ನಿಂತು ಎಲ್ಲ ಕೇಳಿಸಿಕೊಂಡರು. ನಗಲಿಲ್ಲ. ಅವರಿಗೆ ತಕ್ಕಡಿಯ ವಿಷಯದಲ್ಲಿ ನಗು ಬರುವುದಿಲ್ಲ.

"ಮೊದಲು ಫ್ಯಾನ್ ಆರಿಸಿ, ಗಾಳಿಗೂ ಅಂಕಿ ಅಲುಗುತ್ತೆ" ಎಂದರು.

ದೇವಯ್ಯ ಮುಂದೆ ಬಂದು ಅಡ್ಡ ನಿಂತರು. "ರಿಪೇರಿ ಗಿಪೇರಿ ಏನೂ ಬ್ಯಾಡ ಕಣವ್ವ. ದೇವ್ರ ಮಿಷನ್ ಅದು."

"ರಿಪೇರಿ ಮಾಡಲ್ಲ ಯಜಮಾನ್ರೆ. ಮೊದಲು ನೋಡ್ತೀನಿ. ನನ್ನ ಹತ್ರ ತೂಕ ಗೊತ್ತಿರೋ ಕಬ್ಬಿಣ ಇದೆ. ಕಬ್ಬಿಣಕ್ಕೆ ಪಾಪಾನೂ ಇಲ್ಲ, ಪುಣ್ಯಾನೂ ಇಲ್ಲ. ಅದನ್ನಿಟ್ಟು ತೆಗೆದಾಗಲೂ ಏನಾದ್ರೂ ಉಳಿದರೆ, ಅದು ತಕ್ಕಡಿಯ ತಪ್ಪು ಅಂತ ಒಪ್ಪಿಕೋತೀರಾ?"

ಇದು ನ್ಯಾಯವಾದ ಮಾತು ಎಂದು ಎಲ್ಲರಿಗೂ ಅನ್ನಿಸಿತು. ದೇವಯ್ಯನೂ ಒಪ್ಪಿದರು.

ತಕ್ಕಡಿಯನ್ನು ಸ್ವಿಚ್ ಹಾಕಿ ಬಿಸಿಯಾಗಲು ಬಿಟ್ಟು, ಪೂರ್ತಿ ಭಾರವನ್ನು ಮೂರು ಸಲ ಇಟ್ಟು ತೆಗೆದು ಮೈ ಸಡಿಲಗೊಳಿಸಿ, ಸುಮಾರು ಹೊತ್ತು ಸುಮ್ಮನೆ ಬಿಟ್ಟು ಅನಂತಮತಿ ಶುರು ಮಾಡಿದರು. ಕೆಂಚಯ್ಯ ಒಂದೊಂದೇ ಬಟ್ಟು ಇಡುತ್ತಾ ಹೋದ. ಇಪ್ಪತ್ತಕ್ಕೆ ಎಂಬತ್ತು ಗ್ರಾಂ ಹೆಚ್ಚು. ನಲವತ್ತಕ್ಕೆ ನೂರ ಅರವತ್ತು. ನೂರು ಕೆಜಿಗೆ ಬಂದಾಗ ನಾನೂರು ಗ್ರಾಂ ಹೆಚ್ಚು. ಅಲ್ಲಿಂದಾಚೆ ವಿಚಿತ್ರವಾಗಿ ತಪ್ಪು ಕಮ್ಮಿಯಾಗುತ್ತಾ ಬಂದು, ಇನ್ನೂರು ಕೆಜಿಗೆ ಸರಿಯಾಗಿ ಇನ್ನೂರೇ ತೋರಿಸಿತು.

"ಖಾಲಿ ಇದ್ದಾಗ ಸರಿ, ತುಂಬಿದಾಗ ಸರಿ, ನಡುವೆ ಹೊಟ್ಟೆ ಬಂದಿದೆ" ಎಂದರು ಅನಂತಮತಿ. ಅವರ ವೃತ್ತಿಯಲ್ಲಿ ಇದಕ್ಕೆ ನಾನ್‌ಲೀನಿಯರ್ ಎನ್ನುತ್ತಾರೆ. ಕೆಂಚಯ್ಯ 'ಬಸುರಿ ತಕ್ಕಡಿ' ಎನ್ನುತ್ತಾನೆ. "ಯಾರೋ ಸೊನ್ನೆ ನೋಡಿ, ಇನ್ನೂರು ನೋಡಿ, ಸರಿ ಇದೆ ಅಂತ ಕೈ ತೊಳ್ಕೊಂಡು ಹೋಗಿದ್ದಾರೆ. ಮನುಷ್ಯರು ಕೂರೋದು ನಡುವೆ."

"ಅಂಗಾರೆ ನಾನು ತೋರ್ಸಿದ್ದಷ್ಟು ದಪ್ಪ ಇಲ್ವಾ?" ಎಂದು ಹಿಂದಿನಿಂದ ಒಂದು ಹೆಂಗಸಿನ ದನಿ ಬಂತು.

"ಕಾಲು ಕೆಜಿ ಕಮ್ಮಿ ಇದ್ದೀರಿ ಅನ್ಕೊಳಿ."

ಹೆಂಗಸರ ಕಡೆಯಿಂದ ತಕ್ಕಡಿ ರಿಪೇರಿಗೆ ಮೊದಲ ಬೆಂಬಲ ಸಿಕ್ಕಿದ್ದು ಆಗ.

ಈಗ ಇಳಿಸುವ ಸರದಿ. ಕೆಂಚಯ್ಯ ಸೊಂಟ ಹಿಡಿದುಕೊಂಡು ಬಟ್ಟುಗಳನ್ನು ಒಂದೊಂದಾಗಿ ತೆಗೆದ. ಹತ್ತುವಾಗ ನೂರು ಕೆಜಿಗೆ ನೂರು ಕೆಜಿ ನಾನೂರು ಗ್ರಾಂ ತೋರಿಸಿದ್ದ ತಕ್ಕಡಿ ಇಳಿಯುವಾಗ ಅದೇ ನೂರಕ್ಕೆ ಆರುನೂರು ಗ್ರಾಂ ಹೆಚ್ಚು ತೋರಿಸಿತು. ಬಟ್ಟು ಅವೇ, ಜಾಗ ಅದೇ. ಏರುವಾಗ ಒಂದು ಮಾತು, ಇಳಿಯುವಾಗ ಒಂದು ಮಾತು. ಕೊನೆಯ ಬಟ್ಟು ತೆಗೆದಾಗ ಖಾಲಿ ತಕ್ಕಡಿಯ ಮೇಲೆ ನೂರ ಅರವತ್ತು ಗ್ರಾಂ ನಿಂತಿತ್ತು.

"ನೋಡಿದ್ರಾ? ಕಬ್ಬಿಣ ಇಟ್ಟರೂ ಉಳೀತು" ಎಂದರು ಅನಂತಮತಿ.

ಜನ ಕತ್ತು ಚಾಚಿ ಅಂಕಿ ನೋಡಿದರು. ಆಮೇಲೆ ಪೂಜಾರಪ್ಪ ನಿಧಾನವಾಗಿ ಕೈ ಜೋಡಿಸಿದರು.

"ಕಬ್ಬಿಣಕ್ಕೂ ಪುಣ್ಯ ಐತೆ!"

"ಅಲ್ಲಾ ಪೂಜಾರಪ್ಪ..."

"ಯಾಕಿರಬಾರ್ದು ತಾಯಿ?" ದೇವಯ್ಯ ಹೇಳಿದರು. ಅವರಿಗೆ ನಿಜವಾಗಿಯೂ ಸಂತೋಷವಾಗಿತ್ತು. "ಒಬ್ರುಗೆ ಸುಳ್ಳು ಯೋಳಿಲ್ಲ, ಒಬ್ರುದು ಕದ್ದಿಲ್ಲ. ಊರೂರು ತಿರುಗಿ ತೂಕದಲ್ಲಿ ಮೋಸ ಆಗ್ದಂಗೆ ಕಾಯ್ತವೆ. ಪುಣ್ಯ ಇನ್ಯಾರ್ಗೆ ಬರ್ಬೇಕು? ಅಧ್ಯಕ್ಷರ್ಗಿಂತ ಡಬಲ್ ಬಂತಲ್ಲ!"

ಚಲುವಯ್ಯ ಮುಖ ತಿರುಗಿಸಿಕೊಂಡರು.

ಅನಂತಮತಿ ಇನ್ನೊಂದು ಪರೀಕ್ಷೆ ಮಾಡಬೇಕಿತ್ತು. ನೂರು ಕೆಜಿ ಇಟ್ಟು ಅರ್ಧ ಗಂಟೆ ಹಾಗೇ ಬಿಡಬೇಕು. ಭಾರ ಬದಲಾಗದೆ ಅಂಕಿ ಮಾತ್ರ ತೆವಳಿದರೆ ಅದು ಕ್ರೀಪ್ ಎಂಬ ಕಾಯಿಲೆ. ಐದು ಬಟ್ಟು ಇಟ್ಟು ಗಡಿಯಾರ ನೋಡಿಕೊಂಡು ಕೂತರು. ಅಷ್ಟರಲ್ಲಿ ಒಬ್ಬ ಮುದುಕಿ ಬಂದು ಬಟ್ಟುಗಳ ಮೇಲೆ ಹಣೆ ಇಟ್ಟಳು. ಅಂಕಿ ಎರಡು ಕೆಜಿ ಹಾರಿತು.

"ಅಜ್ಜಿ, ಮುಟ್ಟಬೇಡಿ!"

ಮತ್ತೆ ಮೊದಲಿಂದ. ಈ ಸಲ ಇಬ್ಬರು ಹೆಂಗಸರು ಅರಿಸಿನ ಕುಂಕುಮದ ತಟ್ಟೆ ಹಿಡಿದು ಬಂದರು. ಅನಂತಮತಿ ಎದ್ದು ಎರಡೂ ಕೈ ಅಗಲಿಸಿ ನಿಂತರು. "ಒಂದು ಚಿಟಿಕೆ ಬಿದ್ದರೂ ಈ ಬಟ್ಟು ಕೆಡ್ತದಮ್ಮ. ಇದರ ತೂಕ ಇಷ್ಟೇ ಅಂತ ಸರ್ಕಾರ ಮುದ್ರೆ ಹಾಕಿದೆ." ಸರ್ಕಾರದ ಮುದ್ರೆ ಇರುವ ಪುಣ್ಯ ಎಂದು ತಿಳಿದ ಮೇಲೆ ಭಕ್ತಿ ಇನ್ನೂ ಹೆಚ್ಚಾಯಿತು. ಕೊನೆಗೆ ಪೂಜಾರಪ್ಪನೇ ಕಾವಲಿಗೆ ನಿಂತರು. ಯಾರನ್ನೂ ಬಿಡಲಿಲ್ಲ. ಮುಗಿಯಲು ಎರಡು ನಿಮಿಷ ಇರುವಾಗ ತಾವೇ ಒಂದು ಮಂಗಳಾರತಿ ಎತ್ತಿ, ತಟ್ಟೆಯನ್ನು ಬಟ್ಟುಗಳ ಮೇಲೆ ಇಟ್ಟುಬಿಟ್ಟರು.

"ಕೆಂಚಯ್ಯ, ಇವರನ್ನೆಲ್ಲ ಕರ್ಕೊಂಡು ಹೋಗಿ ಟೀ ಕುಡಿಸು" ಎಂದರು ಅನಂತಮತಿ. ಅವರ ದನಿ ಏರಿದ್ದು ಅದೊಂದೇ ಸಲ. ಜೈನರಾದ ಅವರು ಸೂರ್ಯ ಮುಳುಗಿದ ಮೇಲೆ ಏನನ್ನೂ ತಿನ್ನುವುದಿಲ್ಲ, ಅಷ್ಟರೊಳಗೆ ಮನೆಗೆ ಹೋಗಿ ಊಟ ಮಾಡುವ ವಾಡಿಕೆ. ಆ ದಿನದ ಊಟ ತಪ್ಪುವ ಲಕ್ಷಣ ಆಗಲೇ ಕಾಣುತ್ತಿತ್ತು.

ಟೀ ಹೊತ್ತಿನಲ್ಲಿ ಜಾಗ ಖಾಲಿಯಾದಾಗ ತಕ್ಕಡಿಯ ಮೇಲ್ತಟ್ಟೆ ಎತ್ತಿ ಒಳಗೆ ನೋಡಿದರು. ಇರುವೆ! ಒಂದು ವರ್ಷಕ್ಕೂ ಮೇಲಿನ ಅಚ್ಚುಬೆಲ್ಲದ ಪುಡಿ, ಎಳನೀರು, ಅಭಿಷೇಕದ ಪಂಚಾಮೃತ ಎಲ್ಲ ಸಂದಿಯಿಂದ ಇಳಿದು ಗಟ್ಟಿಯಾಗಿತ್ತು. ತಟ್ಟೆ ಅತಿಯಾಗಿ ಬಗ್ಗದಂತೆ ಕೆಳಗೊಂದು ತಡೆ ಬೋಲ್ಟು ಇರುತ್ತದೆ. ಅದರ ತಲೆಯ ಮೇಲೆ ಬೆಲ್ಲದ ಒಂದು ಗಡ್ಡೆ ಬೆಳೆದಿತ್ತು. ಭಾರ ನೂರು ಕೆಜಿ ಆದ ಕೂಡಲೇ ತಟ್ಟೆ ಆ ಬೆಲ್ಲಕ್ಕೆ ತಾಗಿ, ಅಲ್ಲಿಂದಾಚೆ ಒಂದಿಷ್ಟು ಭಾರವನ್ನು ಬೆಲ್ಲವೇ ಹೊರುತ್ತಿತ್ತು. ಹಿಂದೆ ರಿಪೇರಿಗೆ ಬಂದಿದ್ದ ಯಾರೋ ಇನ್ನೂರಕ್ಕೆ ಕಮ್ಮಿ ತೋರಿಸುವುದನ್ನು ಕಂಡು, ಕಾರಣ ಹುಡುಕದೆ ಅಂಕಿಯನ್ನೇ ಎಳೆದು ಇನ್ನೂರಕ್ಕೆ ಕೂರಿಸಿದ್ದರು. ನಡುವಿನ ಹೊಟ್ಟೆ ಬಂದದ್ದು ಹಾಗೆ.

ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಬೆಲ್ಲ ಒರೆಸಿ, ಒಣಗಿಸಿ, ಜನರನ್ನು ಟೀ ಅಂಗಡಿಯಲ್ಲಿ ಕೂರಿಸಿ ಬಂದ ಕೆಂಚಯ್ಯನಿಂದ ಬಟ್ಟು ಇಡಿಸಿ ಮತ್ತೆ ತೂಗಿದರು. ಈಗ ಇನ್ನೂರಕ್ಕೆ ಎಂಟುನೂರು ಗ್ರಾಂ ಹೆಚ್ಚು ಬಂತು. ಅದು ಹಿಂದಿನವರು ಎಳೆದಿದ್ದ ಎಳೆತ. ಅದನ್ನು ಸರಿಮಾಡಿದ ಮೇಲೆ ಹೊಟ್ಟೆ ಹೋಯಿತು. ಆದರೆ ತೆವಳುವುದು ಹೋಗಲಿಲ್ಲ. ನೂರು ಕೆಜಿ ಅರ್ಧ ಗಂಟೆ ಇಟ್ಟರೆ ಇನ್ನೂರ ಅರವತ್ತು ಗ್ರಾಂ ಏರಿತು, ತೆಗೆದ ಮೇಲೆ ಇನ್ನೂರು ಗ್ರಾಂಗೂ ಹೆಚ್ಚು ಉಳಿದು, ನಿಧಾನಕ್ಕೆ ಕರಗತೊಡಗಿತು.

ಜನ ಟೀ ಮುಗಿಸಿ ಬಂದಾಗ ಅನಂತಮತಿ ಒಳಗಿನ ಲೋಡ್ ಸೆಲ್ ತೋರಿಸಿದರು. ಗೇಣುದ್ದದ ಅಲ್ಯೂಮಿನಿಯಂ ದಿಮ್ಮಿ.

"ಭಾರ ಬಿದ್ದಾಗ ಇದು ಕಣ್ಣಿಗೆ ಕಾಣದಷ್ಟು ಬಗ್ಗುತ್ತೆ. ಎಷ್ಟು ಬಗ್ಗಿತು ಅಂತ ಹೇಳೋಕೆ ತೆಳ್ಳಗಿನ ತಗಡಿನ ಪಟ್ಟಿ ಅಂಟಿಸಿರ್ತಾರೆ. ಮೇಲಿನ ಮುಚ್ಚಳ ಕಿತ್ತುಹೋಗಿ ಎಳನೀರು ಒಳಗೆ ಹೋಗಿದೆ. ಅಂಟು ಮೆತ್ತಗಾಗಿದೆ. ಭಾರ ಇಟ್ಟಾಗ ಅಂಟು ನಿಧಾನಕ್ಕೆ ಜರುಗುತ್ತೆ, ತೆಗೆದಾಗ ಥಟ್ಟನೆ ವಾಪಸ್ ಬರಲ್ಲ, ಹೊತ್ತು ಹಿಡಿಯುತ್ತೆ. ಜಾಸ್ತಿ ಭಾರ ಜಾಸ್ತಿ ಹೊತ್ತು ಕೂತರೆ ಜಾಸ್ತಿ ಉಳಿಯುತ್ತೆ. ದೇವಯ್ಯನವರು ದಪ್ಪ ಇದ್ದಾರೆ, ಸಹಸ್ರನಾಮ ಪೂರ್ತಿ ಕೂತಿದ್ದಾರೆ, ಅಷ್ಟೇ. ಅದು ಇನ್ನೂ ವಾಪಸ್ ಬರ್ತಾ ಇರುವಾಗಲೇ ಪೂಜಾರಪ್ಪ ಸೊನ್ನೆ ಒತ್ತಿದರು. ಮಿಕ್ಕಿದ್ದು ಇಳಿದಾಗ ಸೊನ್ನೆಗಿಂತ ಕೆಳಗೆ ಹೋಯ್ತು. ನಟರಾಜು ಅವರ ಪಾಪ ಅಂದರೆ ಅದೇ."

ನಟರಾಜು ಹೆಂಡತಿಯ ಕಡೆ ನೋಡಿದರು. ಶಾಂತಿ ಅನಂತಮತಿಯನ್ನು ನೋಡಿದರು. "ಅದು ಸರಿ ಅಕ್ಕ," ಎಂದರು, "ಇವ್ರು ಓದಾಗ್ಲೇ ಯಾಕೆ ಇಳೀಬೇಕಿತ್ತು?"

ಊರು ಎರಡು ಪಾಲಾಯಿತು. ಚಲುವಯ್ಯ, ನಟರಾಜು ಮತ್ತು ಹೆಂಗಸರಲ್ಲಿ ಬಹಳ ಮಂದಿ ಹೊಸ ಲೋಡ್ ಸೆಲ್ ಹಾಕಿಸಬೇಕು ಎಂದರು. ದೇವಯ್ಯ ಮತ್ತು ನೂರು ಗ್ರಾಂ ದಾಟಿದವರೆಲ್ಲ ಬೇಡ ಎಂದರು. ವಾದ ಮಾಡಿ ಮಾಡಿ ಕೊನೆಗೆ ಒಂದು ರಾಜಿ ಬಂತು. ತಕ್ಕಡಿಗೆ ಹೊಸ ಲೋಡ್ ಸೆಲ್. ಹಳೆಯ ಲೋಡ್ ಸೆಲ್ಲಿಗೆ ಬೇರೆ ತಟ್ಟೆ ಮಾಡಿಸಿ ಪಕ್ಕದಲ್ಲಿ ಪುಣ್ಯದ ತಕ್ಕಡಿ ಅಂತ ಇಡುವುದು. ಎರಡಕ್ಕೂ ಅನಂತಮತಿಯವರೇ ಸರ್ಟಿಫಿಕೇಟು ಬರೆದುಕೊಡಬೇಕು.

"ಪುಣ್ಯದ್ದಕ್ಕೆ ನಾನು ಹೆಂಗೆ ಬರೆದುಕೊಡಲಿ?"

"ತೂಕದ್ದಕ್ಕೆ ಯಂಗೆ ಬರೀತಿರೋ ಅಂಗೇ" ಎಂದರು ದೇವಯ್ಯ.

ಬೇರೆ ಯಾರಾದರೂ ಆಗಿದ್ದರೆ ಬೈದು ಆಟೊ ಹತ್ತುತ್ತಿದ್ದರು. ಅನಂತಮತಿ ಗಂಭೀರವಾಗಿ ಯೋಚಿಸಿದರು. ಕೆಲಸದ ವಿಷಯ ಕೇಳಿದರೆ ಕೆಲಸದ ಉತ್ತರವೇ ಕೊಡಬೇಕು ಎನ್ನುವುದು ಅವರ ಸ್ವಭಾವ.

"ತೂಕದ ತಕ್ಕಡಿ ಸರಿ ಇದೆಯೋ ಇಲ್ಲವೋ ಅಂತ ಹೇಳೋಕೆ, ಮೊದಲೇ ತೂಕ ಗೊತ್ತಿರೋ ಬಟ್ಟು ಬೇಕು. ಪುಣ್ಯದ ತಕ್ಕಡಿಗೆ ಮೊದಲೇ ಪುಣ್ಯ ಗೊತ್ತಿರೋರು ಬೇಕು. ಇಂಥವರ ಪುಣ್ಯ ಎಷ್ಟು ಅಂತ ಯಾರಿಗೂ ಅನುಮಾನ ಇರಬಾರದು. ಅಂಥ ಒಬ್ಬರನ್ನ ಕೂರಿಸಿ. ಆಮೇಲೆ ನೋಡೋಣ."

ಅದು ಬಹಳ ಸರಿಯಾದ ಮಾತು ಎಂದು ಊರು ಒಪ್ಪಿ, ಅರಳಿಕಟ್ಟೆಯ ಮೇಲೆ ಸಭೆ ಸೇರಿತು. ದೇವಯ್ಯನ ಹೆಸರು ಬಂತು. ಗಿರಣಿಯಲ್ಲಿ ತೌಡು ಯಾರಿಗೆ ಸೇರಬೇಕು ಎಂಬ ಹಳೆಯ ಜಗಳ ಹೊರಬಿತ್ತು. ಪೂಜಾರಪ್ಪನ ಹೆಸರು ಬಂತು. ಅವರ ತಮ್ಮನೇ ಎದ್ದು ನಿಂತು ಬೇಡ ಎಂದ. ಚಲುವಯ್ಯನವರ ಹೆಸರನ್ನು ಚಲುವಯ್ಯನವರೇ ಹೇಳಿದರು, ಅದಕ್ಕೆ ಯಾರೂ ಮಾತಾಡಲಿಲ್ಲ. ಒಬ್ಬೊಬ್ಬರ ಹೆಸರು ಬಂದಾಗಲೂ ಒಂದೊಂದು ಬದು, ಒಂದೊಂದು ಎಮ್ಮೆ, ಒಂದೊಂದು ಮಾತು ಬಿಟ್ಟ ವರ್ಷ ಹೊರಬಂದು, ಅನುಮಾನವಿಲ್ಲದ ಒಬ್ಬ ಮನುಷ್ಯ ಆ ಊರಿನಲ್ಲಿ ಸಿಗಲಿಲ್ಲ. ಕೊನೆಗೆ ಯಾರ ಜೊತೆಗೂ ಬದು ಇಲ್ಲದ, ಎಮ್ಮೆ ಇಲ್ಲದ ಮಾರಮ್ಮನೇ ಆಗಬಹುದು ಎಂದರು. ದೇವಸ್ಥಾನದ ಎದುರು ವೀಳ್ಯದೆಲೆ, ಹೂವು ಮಾರುವ ಮುದುಕಿ. ಆಗಲೇ ಬಟ್ಟಿಗೆ ಹಣೆ ಇಟ್ಟವಳೂ ಅವಳೇ.

"ನಾನ್ಯಾಕ್ ಕುಂತ್ಕಳ್ಳಿ?" ಎಂದಳು ಮಾರಮ್ಮ.

"ನಿನ್ ಪುಣ್ಯ ಎಲ್ಲಾರ್ಗೂ ಗೊತ್ತು ಕಣವ್ವ. ಬಾ ಬಾ."

"ಒಂದುಂಡೆ ಬೆಲ್ಲ ಕೊಟ್ರೆ ಬತ್ತೀನಿ. ಅಂಗ್ಡಿ ತಾವ ಯಾರೂ ಇಲ್ಲ, ಬಿರ್ನೆ ಎದ್ಬುಡ್ತೀನಿ."

ಒಂದು ಅಚ್ಚು ಬೆಲ್ಲ ಕೊಟ್ಟರು. ಅದನ್ನು ಕಟ್ಟೆಯ ಮೇಲಿಟ್ಟು ಮಾರಮ್ಮ, ಹಳೆಯ ಲೋಡ್ ಸೆಲ್ ಇನ್ನೂ ಒಳಗಿದ್ದ ತಕ್ಕಡಿ ಹತ್ತಿ ಕೂತಳು. ಮೂವತ್ತೆಂಟು ಕೆಜಿ. ಅಂಗಡಿಯ ಕಡೆ ಒಂದು ಕೋಳಿ ಹೋದದ್ದು ಕಂಡು, "ಹುಶ್!" ಎನ್ನುತ್ತಾ ಕೂತಷ್ಟೇ ಬೇಗ ಎದ್ದಳು.

ಎಲ್ಲರೂ ಅಂಕಿಯ ಮೇಲೆ ಬಗ್ಗಿದರು. ಸೊನ್ನೆ. ಭಾರ ಕಮ್ಮಿ, ಕೂತದ್ದು ಒಂದು ಗಳಿಗೆ, ಅಂಟು ಜರುಗಲು ಪುರುಸೊತ್ತೇ ಸಿಕ್ಕಿರಲಿಲ್ಲ. ಆದರೆ ಆ ವಿವರಣೆ ಆಗ ಯಾರಿಗೆ ಬೇಕಿತ್ತು?

"ಮಾರವ್ವನ್ ಪುಣ್ಯ ಸೊನ್ನೆಯಾ?" ಪೂಜಾರಪ್ಪ ಕಣ್ಣುಜ್ಜಿಕೊಂಡು ಮತ್ತೆ ನೋಡಿದರು. "ಏನ್ ಮಾರವ್ವ, ಏನೂ ಉಳೀನಿಲ್ವಲ್ಲ!"

ಕೋಳಿ ಓಡಿಸಿ ಬಂದ ಮಾರಮ್ಮ ಬೆಲ್ಲವನ್ನು ಸೆರಗಿಗೆ ಕಟ್ಟಿಕೊಳ್ಳುತ್ತಿದ್ದಳು. "ಉಳೀಯಕೆ? ನನ್ ಪುಣ್ಯ ನಾನ್ ಎತ್ಕಂಡ್ ಓಗ್ದೆ ಇಲ್ಯಾಕ್ ಬುಟ್ಟೋಗ್ಲಿ? ನಂಗೇನ್ ಉಚ್ಚಾ?"

ಆ ಮಾತು ಇಡೀ ಊರಿನ ಮೇಲೆ ಬಂಡೆಯ ಹಾಗೆ ಬಿತ್ತು.

ದೇವಯ್ಯ ನಿಂತಲ್ಲೇ ಬೆರಳು ಮಡಿಚಿ ಲೆಕ್ಕ ಹಾಕಿದರು. ಇನ್ನೂರ ನಲವತ್ತು ಗ್ರಾಂ! ಗಳಿಸಿದ್ದೆಂದು ಊರೆಲ್ಲ ಹೇಳಿಕೊಂಡು ತಿರುಗಿದ್ದು ಬಿಟ್ಟು ಬಂದದ್ದಾಗಿತ್ತು. ಅದೂ ಒಂದು ಸಲವಲ್ಲ, ಅಮಾವಾಸ್ಯೆ ಹುಣ್ಣಿಮೆಗೆಲ್ಲ ಕೂತು ಕೂತು ಇಳಿಸಿದ್ದರು.

"ಪೂಜಾರಪ್ಪ! ನಾನ್ ಎದ್ಮ್ಯಾಕೆ ಗುಂಡಿ ಒತ್ತಿ ಅಳ್ಸಿದ್ಯಲ್ಲ, ಅದೆಲ್ಲೋಯ್ತು?"

"ನಂಗೇನ್ ಗೊತ್ತು ದೇವಯ್ಯ? ಜೀರೋ ಅಂತಿತ್ತು, ಒತ್ದೆ."

"ಊರೋರ್ ಪುಣ್ಯನೆಲ್ಲಾ ಜೀರೋ ಮಾಡ್ಬುಟ್ಟಾ?"

ಹತ್ತು ಜನ ಒಟ್ಟಿಗೆ ಪೂಜಾರಪ್ಪನ ಮೇಲೆ ಬಿದ್ದರು. ಅನಂತಮತಿ ಅವರನ್ನು ಬಿಡಿಸಲು, "ಗುಂಡಿ ಒತ್ತಿದರೆ ಅಂಕಿ ಮಾತ್ರ ಅಳಿಯುತ್ತೆ. ಏನೇ ಆಗಿದ್ದರೂ ಅದು ಲೋಡ್ ಸೆಲ್ ಒಳಗೆ" ಎಂದರು. ಅವರ ಮಟ್ಟಿಗೆ ಅದು ಅಂಟಿನ ಮಾತು. ಊರಿಗೆ ಅದು ಖಜಾನೆಯ ವಿಳಾಸವಾಯಿತು.

"ಅಂಗಾರೆ ಆ ದಿಮ್ಮಿ ನಂಗ್ ಕೊಡಿ!" ದೇವಯ್ಯ ಕೈ ಚಾಚಿದರು.

"ನಿಂದೊಂದೇನಾ ಇರಾದು ಅದ್ರಾಗೆ? ನಂದೂ ಎಂಬತ್ತು ಗ್ರಾಂ ಐತೆ" ಎಂದರು ಚಲುವಯ್ಯ. ಬೆಳಗಿನಿಂದ ಪುಣ್ಯವೇ ಸುಳ್ಳು ಎನ್ನುತ್ತಿದ್ದವರು.

"ನಮ್ಮತ್ತೇದು ಐತೆ!"

"ನಮ್ಮುಡ್ಗೀದು ಐತೆ, ತಿರುಪತಿಗೋಗ್ ಬಂದ್ಮ್ಯಾಕೆ ಕುಂತಿದ್ದು!"

ಅನಂತಮತಿ ಆ ಗಲಾಟೆಯ ನಡುವೆಯೇ ಸ್ಪ್ಯಾನರ್ ಹಿಡಿದು ಬೋಲ್ಟುಗಳನ್ನು ಬಿಚ್ಚಿ ಹಳೆಯ ಲೋಡ್ ಸೆಲ್ ಹೊರತೆಗೆದರು. ಅದನ್ನು ಕಂಡು ಜನ ನುಗ್ಗಿದರು. ದೇವಯ್ಯನ ಬೆರಳು ಇನ್ನೇನು ಅದಕ್ಕೆ ತಾಗಬೇಕು, ಅಷ್ಟರಲ್ಲಿ ಹಿಂದಿನಿಂದ ನಟರಾಜು ಮೆಲ್ಲಗೆ ಕೆಮ್ಮಿದರು.

"ನನ್ನ ಮೈನಸ್ಸೂ ಅದ್ರಾಗೇ ಐತಲ್ವಾ?"

ದೇವಯ್ಯನ ಕೈ ಗಾಳಿಯಲ್ಲೇ ನಿಂತಿತು.

"ಯಾವ್ದ್ ಯಾರದು ಅಂತ ಬಿಡ್ಸೋಕಾಯ್ತದಾ ಮೇಡಂ?" ಎಂದು ನಟರಾಜು ಕೇಳಿದರು. ಅಷ್ಟು ದಿನದಲ್ಲಿ ಅವರು ತಲೆಯೆತ್ತಿ ಮಾತಾಡಿದ್ದು ಅದೇ ಮೊದಲು.

"ಇಲ್ಲ," ಎಂದರು ಅನಂತಮತಿ. "ಎಲ್ಲಾ ಸೇರಿಕೊಂಡಿರುತ್ತೆ."

ಜನ ಒಂದು ಹೆಜ್ಜೆ ಹಿಂದೆ ಸರಿದರು. ನಟರಾಜುವಿನ ಹಾಗೆ ಮೈನಸ್ ಬಂದವರು ಇನ್ನೂ ಎಷ್ಟು ಜನರೋ, ಯಾರಿಗೆ ಗೊತ್ತು? ಕೆಲವರು ಗುಟ್ಟಾಗಿ ಬಂದು ಕೂತು ನೋಡಿಕೊಂಡು ಹೋಗಿದ್ದರಂತೆ. ದೇವಯ್ಯ ಚಾಚಿದ ಕೈಯನ್ನು ಟವಲಿಗೆ ಒರೆಸಿಕೊಂಡರು, ಮುಟ್ಟದಿದ್ದರೂ.

"ಯಾರು ಇಟ್ಕೋತೀರಾ?" ಅನಂತಮತಿ ದಿಮ್ಮಿ ಎತ್ತಿ ಹಿಡಿದು ಕೇಳಿದರು. ನಿಯಮದ ಪ್ರಕಾರ ಬಿಚ್ಚಿದ ಸಾಮಾನು ಮಾಲೀಕರದು. ಯಾರೂ ಮುಂದೆ ಬರಲಿಲ್ಲ. ಪೂಜಾರಪ್ಪ ಗರ್ಭಗುಡಿಯೊಳಗೇ ಹೋಗಿಬಿಟ್ಟರು. ಕೆಂಚಯ್ಯನೂ "ಆಟೊದಾಗೆ ಬ್ಯಾಡಿ ಅಕ್ಕಾರೆ, ಬ್ರೇಕ್ ಮೊದ್ಲೇ ಸರಿ ಇಲ್ಲ" ಎಂದ. ಅನಂತಮತಿ ಅದನ್ನು ಹಳೇ ಪೇಪರಿನಲ್ಲಿ ಸುತ್ತಿ ತಮ್ಮ ಊಟದ ಚೀಲಕ್ಕೆ ಹಾಕಿಕೊಂಡರು. ಪುಣ್ಯದ ತಕ್ಕಡಿಯ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಅಂಗಡಿಯಿಂದ ತಂದಿದ್ದ ಹೊಸ ಲೋಡ್ ಸೆಲ್ ಕೂರಿಸಿ, ಅದರ ಸುತ್ತ ನೀರು ಹೋಗದಂತೆ ರಬ್ಬರ್ ಹಾಳೆ ಕಟ್ಟಿ, ತಡೆ ಬೋಲ್ಟಿನ ಸಂದಿ ಸರಿಮಾಡಿ ಮತ್ತೆ ಹತ್ತು ಬಟ್ಟು ಹತ್ತಿಸಿದರು, ಇಳಿಸಿದರು. ನಾಲ್ಕೂ ಮೂಲೆಗೆ ಇಟ್ಟು ನೋಡಿದರು. ಹತ್ತುವಾಗಲೂ ಇಳಿಯುವಾಗಲೂ ಒಂದೇ ಮಾತು. ನಡುವೆ ಹೊಟ್ಟೆ ಇಲ್ಲ. ಅರ್ಧ ಗಂಟೆ ಬಿಟ್ಟರು. ಈ ಸಲ ಬಟ್ಟುಗಳ ಹತ್ತಿರ ಯಾರೂ ಸುಳಿಯಲಿಲ್ಲ, ತಮ್ಮದು ಇನ್ನೇನಾದರೂ ಅಂಟೀತು ಎಂಬ ಭಯಕ್ಕೆ. ಅಂಕಿ ಅಲುಗಲಿಲ್ಲ. ಎಲ್ಲ ತೆಗೆದಾಗ ಸೊನ್ನೆ.

"ಇಲಾಖೆಯವರು ಬಂದು ಮುದ್ರೆ ಒತ್ತೋ ತನಕ ಹರಕೆಗೆ ಉಪಯೋಗಿಸಬೇಡಿ" ಎಂದರು. ಪರೀಕ್ಷೆಗೆ ಬೇಕಾದರೆ ಕೂತು ನೋಡಬಹುದು ಎಂದದ್ದೇ ತಡ, ದೇವಯ್ಯ ಮೊದಲು ಹತ್ತಿದರು. ಕಣ್ಣು ಮುಚ್ಚಿ ಬಹಳ ಹೊತ್ತು ಕೂತು, ಒಂದು ಕಾಲು ಇಳಿಸಿ, ಅನುಮಾನದಿಂದ ಮತ್ತೊಂದು ಕಾಲು ಇಳಿಸಿ, ತಿರುಗಿ ನೋಡದೆ ಕೇಳಿದರು:

"ಏನಾರ ಉಳೀತಾ ತಾಯಿ?"

"ಇಲ್ಲ. ಸೊನ್ನೆ."

"ಎಲ್ಲಾ ನನ್ ತಾವೇ ಐತಾ?"

"ಒಂದು ಗ್ರಾಮೂ ಬಿಟ್ಟಿಲ್ಲ ನೀವು."

ದೇವಯ್ಯ ದೊಡ್ಡ ಉಸಿರು ಬಿಟ್ಟರು. ಮಿಕ್ಕವರೂ ಸಾಲಾಗಿ ಬಂದು ಕೂತು, ಎದ್ದು, ಸೊನ್ನೆ ನೋಡಿ ಸಮಾಧಾನ ಮಾಡಿಕೊಂಡು ಹೋದರು. ಬೆಳಗ್ಗೆ ಗ್ರಾಂ ಲೆಕ್ಕದಲ್ಲಿ ಮೀಸೆ ತಿರುವುತ್ತಿದ್ದ ಊರು ಸಂಜೆಗೆ ಸೊನ್ನೆ ಬಂದದ್ದಕ್ಕೆ ಒಬ್ಬರಿಗೊಬ್ಬರು ಬೆನ್ನು ತಟ್ಟುತ್ತಿತ್ತು. ನಟರಾಜು ಮಾತ್ರ ಹತ್ತುವ ಮುಂಚೆ ಹೆಂಡತಿಯನ್ನು ಕರೆದು ಅಂಕಿಯ ಮುಂದೆ ನಿಲ್ಲಿಸಿ, ತಾವು ಚಪ್ಪಲಿ ಬಿಡುವುದು, ಪಂಚೆ ಸರಿಮಾಡಿಕೊಳ್ಳುವುದು ಎಲ್ಲವನ್ನೂ ಅಂದಿನಷ್ಟೇ ನಿಧಾನವಾಗಿ ಮಾಡಿದರು.

"ಇಳೀತಾ?"

"ಇಲ್ಲ" ಎಂದರು ಶಾಂತಿ. ಆಮೇಲೆ ಇನ್ನೊಂದು ಸಲ ಬಗ್ಗಿ ನೋಡಿ, "ಬನ್ನಿ ಮನೆಗೆ" ಎಂದರು.

ಅನಂತಮತಿಯವರಿಗೆ ಇನ್ನು ಮನೆ ತಲುಪಿ ಊಟ ಮಾಡುವಷ್ಟು ಹಗಲು ಉಳಿದಿರಲಿಲ್ಲ. ಕೆಂಚಯ್ಯ ಬಟ್ಟುಗಳನ್ನು ಒಣಬಟ್ಟೆಯಿಂದ ಒರೆಸಿ ಆಟೊಗೆ ಹತ್ತಿಸಿದ. ಎಷ್ಟು ಕಾದಿದ್ದರೂ ಒಂದರ ಹಿಡಿಯ ಸಂದಿಯಲ್ಲಿ ಅರಿಸಿನ ಮೆತ್ತಿತ್ತು. ಅದನ್ನು ಮತ್ತೆ ಹಾಸನಕ್ಕೆ ಒಯ್ದು ತೋರಿಸದೆ ಬಳಸುವಂತಿಲ್ಲ. ಈಗ ನಂಬಿಕೆಗೆ ಒಂಬತ್ತೇ ಉಳಿದವು.

ಊರ ಬಾಗಿಲಲ್ಲಿ ಮಾರಮ್ಮ ಕೈ ಅಡ್ಡ ಹಿಡಿದಳು. ಹೊಳೆನರಸೀಪುರದಲ್ಲಿ ಮಗಳ ಮನೆ, ಅಲ್ಲೀವರೆಗೆ ಬರುತ್ತೇನೆ ಎಂದು ಹಿಂದೆ ಹತ್ತಿ, ಕಬ್ಬಿಣದ ಬಟ್ಟುಗಳ ಮೇಲೆಯೇ ಗೋಣಿ ಹಾಸಿಕೊಂಡು ಕೂತಳು. ಅನಂತಮತಿಗೆ ತಡೆಯಬೇಕು ಅನ್ನಿಸಿತು. ತಡೆಯಲಿಲ್ಲ. ಮಾರಮ್ಮ ಸೆರಗಿನ ಗಂಟು ಬಿಚ್ಚಿ ಬೆಲ್ಲವನ್ನು ಬಟ್ಟಿನ ಮೂಲೆಗೆ ಕುಟ್ಟಿ ಮುರಿದು, ದೊಡ್ಡ ಚೂರನ್ನು ಮುಂದಕ್ಕೆ ಚಾಚಿದಳು.

"ತಗಳವ್ವ. ಮಧ್ಯಾಹ್ನದಿಂದ ಏನೂ ತಿಂದಿಲ್ಲ ನೀನು, ನೋಡ್ತಾನೇ ಇವ್ನಿ."

ಅನಂತಮತಿ ಪಡುವಣದ ಕಡೆ ತಿರುಗಿ ನೋಡಿದರು. ಸೂರ್ಯನ ಅಂಚು ಇನ್ನೂ ಕಬ್ಬಿನ ಗದ್ದೆಯ ಮೇಲಿತ್ತು. ಬೆಲ್ಲ ಬಾಯಿಗೆ ಹಾಕಿಕೊಂಡರು.